ಶೀಟೆಲ್ಲ ಹಸಿರು, ಫೋನ್ ಮಾತ್ರ ಒಬ್ಬರಿಗೇ

ಪ್ರಶ್ನೆ: ನಮ್ಮದು ಆರು ಜನರ ಅಕೌಂಟ್ಸ್ ಟೀಮ್, ನಾನು ಲೀಡ್. ಸಂಬಳದ ಕೆಲಸ ನೋಡಿಕೊಳ್ಳುವ ಸೀನಿಯರ್ ಮೇಡಂ ಇನ್ನು ಮೂರು ತಿಂಗಳು ಕಳೆದ ಮೇಲೆ ದೀರ್ಘ ರಜೆಗೆ ಹೋಗುತ್ತಾರೆ. ಮ್ಯಾನೇಜರ್ ಕೇಳಿದ್ದಕ್ಕೆ, ಯಾರಿಗೆ ಯಾವ ಕೆಲಸ ಎಷ್ಟು ಬರುತ್ತದೆ ಅಂತ ತೋರಿಸುವ ಸ್ಕಿಲ್ ಮ್ಯಾಟ್ರಿಕ್ಸ್ ಮಾಡಿದೆ, ಜೊತೆಗಿಟ್ಟಿದ್ದೇನೆ. ಎಲ್ಲರೂ ತಮ್ಮ ಅಂಕ ತಾವೇ ಹಾಕಿಕೊಂಡರು. ಸಂಬಳದ ಸಾಲಿನ ಸರಾಸರಿ 4ಕ್ಕೆ 2.5 ಬಂದು ಹಸಿರಾಗಿದೆ. ಆದರೂ ನನಗೆ ಭಯ. ಬೇರೆಯವರಿಗೆ ಕಲಿಸಿ ಅಂದರೆ ಮೇಡಂ 'ಟೈಮ್ ಇಲ್ಲ' ಅಂತಾರೆ. ಹೋದ ವರ್ಷ ಅವರು ಹತ್ತು ದಿನ ಇಲ್ಲದಿದ್ದಾಗ ಮೂರು ಸಲ ಫೋನ್ ಮಾಡಿ ನಿಭಾಯಿಸಿದೆವು, ಅದೇನೂ ದೊಡ್ಡ ವಿಷಯವಲ್ಲ. ಅವರ ಮನಸ್ಸು ಬದಲಿಸುವುದು ಹೇಗೆ?

ಉತ್ತರ: ದೊಡ್ಡ ವಿಷಯ ಅದೇ ಕಣ್ರೀ. ಆ ಮೂರು ಫೋನ್ ಕರೆಗಳೇ ನಿಮ್ಮ ನಿಜವಾದ ಮ್ಯಾಟ್ರಿಕ್ಸ್. ನೀವು ಕಳಿಸಿದ ಶೀಟು ಬರೀ ಬಣ್ಣ.

ನಾನೂ ಒಂದು ಕಾಲದಲ್ಲಿ ಫೋನ್ ಎತ್ತುವ ಕಡೆ ಇದ್ದವನು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಯಾವ ಫೋಲ್ಡರಿನಲ್ಲಿ ಯಾವ ಫೈಲ್ ಇದೆ ಅಂತ ಹೇಳಿದ್ದೇನೆ. ಕೇಳಿದವರಿಗೆ ಎರಡೇ ನಿಮಿಷ. ಹಾಗಾಗಿ ನಾನು ಮೇಡಂ ಪರ, ಮೊದಲೇ ಹೇಳಿಬಿಡುತ್ತೇನೆ.

ಸಂಬಳದ ಸಾಲು ನೋಡಿ: 4, 3, 2, 2, 2, 2. ನಿಮ್ಮ ಶೀಟಿನ ಅಡಿಯಲ್ಲೇ ಬರೆದಿದೆ, 2 ಅಂದರೆ 'ಯಾರಾದರೂ ಜೊತೆಗಿದ್ದರೆ ಮಾಡಬಲ್ಲೆ'. ಆ ಯಾರಾದರೂ ಯಾರು? ಮೇಡಂ ತಾನೇ. ಅವರು ಎದ್ದು ಹೋದರೆ ನಾಲ್ಕೂ 2ಗಳು ಆಸರೆ ಇಲ್ಲದೆ ಬೀಳುತ್ತವೆ. ಸರಾಸರಿ ಮಾತ್ರ 2.2 ಅಂತ ತೋರಿಸುತ್ತಾ ಆರಾಮಾಗಿರುತ್ತದೆ. ಇಂಥ ಕಡೆ ಸರಾಸರಿ ಕೇಳಿದ ನಿಮ್ಮ ಮ್ಯಾನೇಜರ್ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಎಣಿಸಬೇಕಾದ್ದು ಒಂದೇ: ಒಬ್ಬರೇ ಕೂತು ಮುಗಿಸಬಲ್ಲವರು ಎಷ್ಟು ಜನ? ಇಬ್ಬರಿಗಿಂತ ಕಡಿಮೆ ಇದ್ದರೆ ಆ ಸಾಲು ಕೆಂಪು. ಆ 3 ಹಾಕಿಕೊಂಡ ಹುಡುಗನನ್ನು ಕೇಳಿ, ಕೊನೆಯ ಸಲ ಒಬ್ಬನೇ ಮಾಡಿದ್ದು ಯಾವ ತಿಂಗಳು ಅಂತ. ತಿಂಗಳ ಹೆಸರು ಬರದಿದ್ದರೆ ಅದೂ 2 ಅಂತ ಬರೆದುಕೊಳ್ಳಿ.

ಇನ್ನು ಆ ಕರೆಗಳು. ಏನು ಕೇಳಿದಿರಿ ಅಂತ ನೆನಪು ಮಾಡಿಕೊಂಡು ಬರೆಯಿರಿ. ಪ್ರತಿ ತಿಂಗಳ ಮಾಮೂಲಿ ಲೆಕ್ಕದ ಬಗ್ಗೆ ಇರಲಾರದು, ಅದು ಎಲ್ಲರಿಗೂ ಬರುತ್ತದೆ. ತಿಂಗಳ ನಡುವೆ ಕೆಲಸ ಬಿಟ್ಟವರ ಕೊನೆಯ ಲೆಕ್ಕ ಇರಬಹುದು, ಬ್ಯಾಂಕ್ ವಾಪಸ್ ಕಳಿಸಿದ ಫೈಲ್ ಇರಬಹುದು. 'ಸಂಬಳ' ಅಂತ ಒಂದೇ ಸಾಲು ಹಾಕಿದ್ದರಿಂದ ಇವೆಲ್ಲ ಅದರೊಳಗೆ ಅಡಗಿವೆ. ಆ ಸಾಲನ್ನು ಒಡೆಯಿರಿ. ಮೂರರಲ್ಲಿ ಒಂದು ಕರೆಯಾದರೂ ಓಟಿಪಿಗೋ ಪಾಸ್‌ವರ್ಡಿಗೋ ಮಾಡಿದ್ದಾಗಿದ್ದರೆ ಅದು ತರಬೇತಿಯ ಮಾತೇ ಅಲ್ಲ. ಕೆಲಸ ಗೊತ್ತಿದ್ದೂ ಲಾಗಿನ್ ಇಲ್ಲದವರ ಅಂಕ ಸೊನ್ನೆ. ಅದಕ್ಕೆ ಇವತ್ತೇ ಅರ್ಜಿ ಹಾಕಿ, ಒಪ್ಪಿಗೆ ಬರುವುದಕ್ಕೇ ವಾರಗಟ್ಟಲೆ ಹಿಡಿಯಬಹುದು. ಒಂದು ಎಚ್ಚರ: ಫೈಲ್ ತಯಾರಿಸುವವರಿಗೇ ಅದನ್ನು ಪಾಸ್ ಮಾಡುವ ಅಧಿಕಾರವನ್ನೂ ಕೊಡಬೇಡಿ. ಎಲ್ಲರಿಗೂ ಎಲ್ಲ ಕಲಿಸುವ ಆಸೆ ಇಲ್ಲಿ ನಡೆಯುವುದಿಲ್ಲ, ಈ ಎರಡು ಕೆಲಸಕ್ಕೆ ಬೇರೆ ಬೇರೆ ಇಬ್ಬರು ಬೇಕು.

ಮೇಡಂ 'ಟೈಮ್ ಇಲ್ಲ' ಅಂದರೆ ನಿಜಕ್ಕೂ ಟೈಮ್ ಇಲ್ಲ. ನೀವು ಕಲಿಸುವುದನ್ನು ಅವರ ಕೆಲಸದ ಮೇಲೆ ಹೇರಿದ್ದೀರಿ, ಬದಲಿಗೆ ಏನನ್ನೂ ಇಳಿಸಿಲ್ಲ. ಹಾಜರಿ ತಾಳೆ ನೋಡುವ ಕೆಲಸವನ್ನು ಮೂರು ತಿಂಗಳು ಬೇರೆಯವರಿಗೆ ಕೊಡಿ. ಮನಸ್ಸು ಬದಲಿಸುವ ತಾಪತ್ರಯ ಅಲ್ಲಿಗೇ ಮುಗಿಯಬಹುದು.

1940ರ ದಶಕದಲ್ಲಿ, ಯುದ್ಧದ ಹೊತ್ತಿನ ಅಮೆರಿಕದ ಕಾರ್ಖಾನೆಗಳಲ್ಲಿ ಟಿಡಬ್ಲ್ಯುಐ, ಅಂದರೆ ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂತ ಒಂದು ತರಬೇತಿ ಕಾರ್ಯಕ್ರಮ ಇತ್ತು. ಅವರ ಪಟ್ಟಿಯಲ್ಲಿ ಬಣ್ಣ ಇರಲಿಲ್ಲ. ಕೆಲಸ ಬರುವವರ ಮುಂದೆ ಒಂದು ಗುರುತು, ಕಲಿಯಬೇಕಾದವರ ಮುಂದೆ ಒಂದು ತಾರೀಕು, ಅಷ್ಟೇ. ನಿಮಗೂ ಅಷ್ಟು ಸಾಕು. ನಿಮ್ಮ ಕೈಯಲ್ಲಿರುವುದು ಮೂರು ಸಂಬಳದ ದಿನಗಳು, ಕಲಿಯುವವನು ಒಬ್ಬನೇ ಇರಲಿ. ಮೊದಲ ತಿಂಗಳು ಮೇಡಂ ಮಾಡಲಿ, ಹುಡುಗ ಪಕ್ಕದಲ್ಲಿ ಕೂತು ಪ್ರತಿ ಹೆಜ್ಜೆಯನ್ನೂ ತನ್ನ ಮಾತಲ್ಲೇ ಬರೆದುಕೊಳ್ಳಲಿ. ಎರಡನೇ ತಿಂಗಳು ಹುಡುಗ ಮಾಡಲಿ. ಮೇಡಂ ಪಕ್ಕದಲ್ಲಿದ್ದರೂ ಕೀಬೋರ್ಡ್ ಮುಟ್ಟಕೂಡದು. ಇದು ಕಷ್ಟ, 'ಕೊಡು ಇಲ್ಲಿ' ಅಂತ ಕೈ ಮುಂದೆ ಬಂದೇ ಬರುತ್ತದೆ. ಆ ತಿಂಗಳು ಯಾರೂ ಮಧ್ಯದಲ್ಲಿ ಕೆಲಸ ಬಿಡದಿದ್ದರೆ, ಹಳೆಯ ಒಂದು ಕೊನೆಯ ಲೆಕ್ಕವನ್ನು ಕೊಟ್ಟು ಮತ್ತೆ ಮಾಡಿಸಿ, ಉತ್ತರ ತಾಳೆ ನೋಡಿ.

ಮೂರನೇ ತಿಂಗಳಿಗೆ ನನ್ನದು ಒಂದೇ ಮಾತು, ಇದರಲ್ಲಿ ರಿಯಾಯಿತಿ ಇಲ್ಲ: ಸಂಬಳದ ದಿನ ಮೇಡಂ ಬೇರೆ ರೂಮಿನಲ್ಲಿರಲಿ, ಅವರ ಫೋನ್ ನಿಮ್ಮ ಡ್ರಾಯರಿನಲ್ಲಿರಲಿ. ಹುಡುಗ ಎಲ್ಲಿ ಸಿಕ್ಕಿಕೊಂಡ ಅಂತ ಬರೆದಿಟ್ಟುಕೊಳ್ಳಿ. ತೀರಾ ಆಗದಿದ್ದರೆ ಎದ್ದು ಹೋಗಿ ಬಾಗಿಲು ತಟ್ಟಿದರಾಯಿತು, ಅವರು ಇನ್ನೂ ರಜೆಗೆ ಹೋಗಿಲ್ಲವಲ್ಲ.