9 ಅಡಿ ರೂಮು 14 ಅಡಿ ಆದ ಕತೆ

"ಬ್ರೋಕರ್‌ಗಳಿಗೆ ಫ್ಲ್ಯಾಟ್ ವಾಕ್‌ಥ್ರೂ ವಿಡಿಯೊ ಮಾಡ್ತೀನಿ. ಕ್ರಾಪ್ ಸೆನ್ಸರ್ ಕ್ಯಾಮೆರಾ, 10 ಎಂಎಂ ಲೆನ್ಸ್, ಗಿಂಬಲ್. ರೂಮೇನೋ ದೊಡ್ಡದಾಗಿ ಕಾಣುತ್ತೆ, ಆದ್ರೆ ಅಂಚಿನಲ್ಲಿರೋದೆಲ್ಲ ಎಳೆದ ಹಾಗಿರುತ್ತೆ. ಇದನ್ನ ಸರಿ ಮಾಡೋ ಸಾಫ್ಟ್‌ವೇರ್ ಯಾವುದು?"

ನಿಮ್ಮ ಹಾಗೆ ನನ್ನ ಹತ್ತಿರವೂ ಇದೇ 10 ಎಂಎಂ ಲೆನ್ಸ್ ಇತ್ತು. ಈಗಲೂ ಇದೆ, ಬ್ಯಾಗಿನ ತಳದಲ್ಲಿ.

ಜೆ.ಪಿ. ನಗರದಲ್ಲಿ ಬಾಡಿಗೆಗಿದ್ದ ಒಂದು ಖಾಲಿ 2 ಬಿಎಚ್‌ಕೆ. ಅದರ ಚಿಕ್ಕ ಬೆಡ್‌ರೂಮು 10 ಅಡಿಗೆ 9 ಅಡಿ. ಬಾಗಿಲಲ್ಲೇ ಬೆನ್ನು ಒತ್ತಿ ನಿಂತು, ಗಿಂಬಲ್ ಹಿಡಿದು ಮೆಲ್ಲಗೆ ಒಳಗೆ ನಡೆದೆ. ವಿಡಿಯೊ ನೋಡಿ ಬ್ರೋಕರ್ ಕುಣಿದುಬಿಟ್ಟರು. ಹುಬ್ಬಳ್ಳಿಯ ಒಂದು ಕುಟುಂಬ ಮೊಬೈಲಿನಲ್ಲೇ ನೋಡಿ ಟೋಕನ್ ಅಡ್ವಾನ್ಸ್ ಹಾಕಿತು.

ಅವರು ಸಾಮಾನಿನ ಲಾರಿ ಸಮೇತ ಬಂದ ದಿನ ನಾನು ಅದೇ ಕಟ್ಟಡದ ಇನ್ನೊಂದು ಫ್ಲ್ಯಾಟಿನಲ್ಲಿದ್ದೆ. ಗಲಾಟೆ ಕೇಳಿ ಹೋದೆ. ಮಂಚ ಒಳಗೆ ಇಳಿದಾಗಿತ್ತು, ಆರು ಅಡಿ ಅಗಲದ್ದು. ಗೋಡೆ ಪಕ್ಕದ ವಾರ್ಡ್‌ರೋಬ್ ಎರಡು ಅಡಿ ಆಳ. ಇನ್ನು ಉಳಿದದ್ದು ಒಂದು ಅಡಿ. ವಾರ್ಡ್‌ರೋಬ್ ಬಾಗಿಲು ಅರ್ಧ ತೆರೆದು ಮಂಚಕ್ಕೆ ಬಡಿದು ನಿಲ್ಲುತ್ತಿತ್ತು. ಯಜಮಾನರು ಬ್ರೋಕರನ್ನ ಕೇಳಿದ್ದು ಒಂದೇ ಮಾತು: "ವಿಡಿಯೋದಾಗ ತೋರಿಸಿದ ಖೋಲಿ ಯಾವ್ದ್ರೀ?"

ಬ್ರೋಕರ್ ನನ್ನ ಮುಖ ನೋಡಿದರು.

ಮನೆಗೆ ಬಂದು ಆ ವಿಡಿಯೊ ಹತ್ತು ಸಲ ನೋಡಿದೆ. ಲೆನ್ಸ್ ಮಾಡಿದ ಕೆಲಸ ಲೆಕ್ಕ ಹಾಕಿದರೆ ಸುಲಭ. ಅದೇ ಜಾಗದಲ್ಲಿ ನಿಂತು ತೆಗೆದರೂ, ಅಷ್ಟು ಅಗಲ ನೋಟ ಇಲ್ಲದ 16 ಎಂಎಂನಲ್ಲಿ ಕಾಣುವುದಕ್ಕಿಂತ 10 ಎಂಎಂನಲ್ಲಿ ಎದುರು ಗೋಡೆ 1.6 ಪಟ್ಟು ಚಿಕ್ಕದಾಗುತ್ತೆ. ಚಿಕ್ಕದಾಗಿ ಕಂಡದ್ದನ್ನ ಕಣ್ಣು ದೂರ ಇದೆ ಅಂತ ಓದುತ್ತೆ. 9 ಅಡಿ ದೂರದ ಗೋಡೆ 14 ಅಡಿಗೆ ಹೋಗಿ ಕೂತಿತ್ತು. ಖಾಲಿ ರೂಮು ಬೇರೆ, ಅಳತೆ ಹಿಡಿಯೋಕೆ ಒಂದು ಕುರ್ಚಿಯೂ ಇರಲಿಲ್ಲ.

ಆದರೆ ನನ್ನ ನಿಜವಾದ ತಪ್ಪು ಲೆನ್ಸ್ ಅಲ್ಲ, ನಡಿಗೆ. ಗಿಂಬಲ್ ಕ್ಯಾಮೆರಾ ವಾಲುವುದನ್ನ, ತಿರುಗುವುದನ್ನ ತಡೆಯುತ್ತೆ. ಹೆಜ್ಜೆ ಇಟ್ಟಾಗ ಇಡೀ ಮೈ ಮೇಲೆ ಕೆಳಗೆ ಆಗುತ್ತಲ್ವಾ, ಅದನ್ನ ತಡೆಯಲ್ಲ. ಆ ಕುಣಿತ ಮುಚ್ಚೋಕೆ ನಾನು ಸೆಕೆಂಡಿಗೆ 50 ಫ್ರೇಮ್ ತೆಗೆದು 25ರಲ್ಲಿ ಓಡಿಸಿದ್ದೆ. ಬೆಣ್ಣೆ ಹಾಗೆ ಬಂತು. ಆದರೆ ನಾಲ್ಕು ಸೆಕೆಂಡಿನಲ್ಲಿ ದಾಟಿದ ರೂಮನ್ನ ನೋಡುವವರು ಎಂಟು ಸೆಕೆಂಡು ದಾಟಿದರು. ಮನುಷ್ಯ ಜಾಗವನ್ನ ಕಾಲಿನಿಂದಲೂ ಅಳೀತಾನೆ. ಲೆನ್ಸ್ ಗೋಡೆಯನ್ನ ಹಿಂದಕ್ಕೆ ತಳ್ಳಿತು, ಸ್ಲೋ ಮೋಷನ್ ಅದಕ್ಕೆ ಸಾಕ್ಷಿ ಹೇಳಿತು. ಸುಳ್ಳು ಹೇಳಬೇಕು ಅಂತ ನಾನು ಹೊರಟಿರಲಿಲ್ಲ, ಸುಮ್ನೆ ಚೆಂದ ಕಾಣಲಿ ಅಂತಿದ್ದೆ.

ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ, ನೀವು ಎರಡು ತೊಂದರೆಗಳನ್ನ ಒಂದೇ ಅಂದುಕೊಂಡಿದ್ದೀರಿ. ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿದ್ದರೆ ಅದು ಲೆನ್ಸಿನ ದೋಷ. ಎಡಿಟಿಂಗಿನಲ್ಲಿ ಲೆನ್ಸ್ ಪ್ರೊಫೈಲ್ ಹಾಕಿದರೆ ನೆಟ್ಟಗಾಗುತ್ತೆ. ಎಳೆದ ಹಾಗೆ ಕಾಣೋದು ಬೇರೆ. ಟಾರ್ಚನ್ನ ಗೋಡೆಗೆ ನೇರ ಹಿಡಿದರೆ ಬೆಳಕು ದುಂಡಗೆ ಬೀಳುತ್ತೆ, ಓರೆಯಾಗಿ ಹಿಡಿದರೆ ಉದ್ದಕ್ಕೆ ಹರಡುತ್ತೆ. ಸೆನ್ಸರ್ ಅಂಚಿನಲ್ಲಿ ಆಗೋದೂ ಅದೇ. ನಿಮ್ಮ 10 ಎಂಎಂನಲ್ಲಿ ಅಂಚಿನ ವಸ್ತು ಅಡ್ಡಕ್ಕೆ ಸುಮಾರು ಎರಡೂವರೆ ಪಟ್ಟು ಹಿಗ್ಗುತ್ತೆ, 16ರಲ್ಲಿ ಒಂದೂವರೆ ಪಟ್ಟು. ಅದನ್ನ ಒಳಕ್ಕೆ ಎಳೆದರೆ ಗೋಡೆ ಗೆರೆಗಳು ಮತ್ತೆ ಬಾಗುತ್ತವೆ. ರೂಮು ದೊಡ್ಡದಾಗಿ ಕಾಣಬೇಕು, ಅಂಚೂ ಸರಿ ಇರಬೇಕು ಅಂದ್ರೆ ಆಗಲ್ಲ. ದೊಡ್ಡದು ಮಾಡ್ತಿರೋದೇ ಆ ಅಗಲ ನೋಟ.

ಈಗ ನಾನು 16 ಎಂಎಂನಲ್ಲೇ ತೆಗೆಯೋದು. ಕ್ಯಾಮೆರಾ ಎದೆ ಎತ್ತರಕ್ಕೆ, ಮೇಲಕ್ಕೂ ಕೆಳಕ್ಕೂ ವಾಲಿಸದೆ ನೇರ, ಇಲ್ಲಾಂದ್ರೆ ಗೋಡೆಗಳು ಒರಗಿಬಿಡುತ್ತವೆ. ಮಂಡಿ ಸ್ವಲ್ಪ ಬಗ್ಗಿಸಿ, ಹಿಮ್ಮಡಿಯಿಂದ ಬೆರಳಿಗೆ ಉರುಳಿಸಿ ಹೆಜ್ಜೆ. ತೆಗೆದ ವೇಗದಲ್ಲೇ ಓಡಿಸ್ತೀನಿ. ಚೂರು ಕುಣಿತ ಉಳಿದರೆ ಉಳಿಯಲಿ. ಬೆಡ್‌ರೂಮಿನಲ್ಲಿ ವಾರ್ಡ್‌ರೋಬ್ ಬಾಗಿಲನ್ನ ಪೂರ್ತಿ ತೆರೆದು ತೋರಿಸ್ತೀನಿ, ಕೊನೆಗೆ ಮೂರು ಸೆಕೆಂಡು ನೆಲ. ಎರಡು ಅಡಿ ಟೈಲ್ಸ್ ಇದ್ದರೆ ನೋಡುವವರೇ ಎಣಿಸಿಕೊಳ್ಳುತ್ತಾರೆ. ಜೆ.ಪಿ. ನಗರದ ಆ ರೂಮಿನಲ್ಲಿ ನಾಲ್ಕೂವರೆ ಟೈಲ್ಸ್ ಇದ್ದವು. ನನ್ನ ವಿಡಿಯೊದಲ್ಲಿ ನೆಲ ಸರಿಯಾಗಿ ಕಾಣಲೇ ಇಲ್ಲ.

ಬ್ರೋಕರ್ ಒಪ್ಪಲ್ಲ ಅಂತೀರಾ? ಒಬ್ಬರು ನನ್ನನ್ನ ಬಿಟ್ಟರು, ನಿಜ.

10 ಎಂಎಂ ಮಾರಬೇಡಿ. ಹಿಂದೆ ಸರಿಯೋಕೆ ಜಾಗವೇ ಇಲ್ಲದ ಬಾತ್‌ರೂಮಿಗೆ ಬೇಕಾಗುತ್ತೆ. ಅಲ್ಲಿ ನಡೆಯೋಕೆ ಹೋಗಬೇಡಿ, ಬಾಗಿಲಲ್ಲೇ ನಿಂತು ಅಲ್ಲಾಡದೆ ತೆಗೀರಿ. ಬಕೆಟ್ ಮಾತ್ರ ಫ್ರೇಮಿನ ನಡುವೆ ಇಡಿ. ಅಂಚಿಗೆ ಬಂದ್ರೆ ಬಟ್ಟೆ ನೆನೆಸೋ ಟಬ್ ಆಗಿಬಿಡುತ್ತೆ.