ಥ್ಯಾಂಕ್ಸ್ ಮೇಲ್‌ನಲ್ಲಿ ‘ಎಫಿಶಿಯೆನ್ಸಿ’ ಅಂತ ಬರೆದು ಕೆಟ್ಟೆ

ಪ್ರಶ್ನೆ: ನಿನ್ನೆ ನಮ್ಮ ವಿಪಿ ಜೊತೆ ಸ್ಕಿಪ್ ಲೆವೆಲ್ ಮೀಟಿಂಗ್ ಆಯ್ತು, ಚೆನ್ನಾಗೇ ಹೋಯ್ತು. ಈಗ ಥ್ಯಾಂಕ್ಸ್ ಮೇಲ್ ಬರೀಬೇಕು. ನಾನು ಕೊಟ್ಟ ಉತ್ತರಗಳನ್ನ ಕಂಪನಿಯ ಈ ವರ್ಷದ ನಾಲ್ಕೂ ಪ್ರಯಾರಿಟಿಗಳಿಗೆ ಲಿಂಕ್ ಮಾಡೋದು ಹೇಗೆ?

ನಾಲ್ಕಕ್ಕೂ ಬೇಡ. ನಾನು ಮೂರಕ್ಕೆ ಲಿಂಕ್ ಮಾಡಿದ್ದೆ. ಅದರಲ್ಲಿ ಒಂದು, ನಮ್ಮ ಟೀಮಿನ ಹುಡುಗನೊಬ್ಬನ ಸೀಟನ್ನೇ ತಿಂದುಹಾಕಿತು.

ಆಗ ನಾನು ಬೆಂಗಳೂರಿನ ಒಂದು ಪೇಮೆಂಟ್ಸ್ ಕಂಪನಿಯ ಆಪರೇಷನ್ಸ್ ಟೀಮಿನಲ್ಲಿದ್ದೆ. ಕೆಲಸ ರೀಕಾನ್. ಅಂಗಡಿಗಳಿಗೆ ಬಂದ ಯುಪಿಐ ಹಣದ ಲೆಕ್ಕವನ್ನು ದಿನಾ ಬೆಳಗ್ಗೆ ತಾಳೆ ನೋಡುವುದು. ಬ್ಯಾಂಕಿನಿಂದ ಒಂದು ಫೈಲ್ ಬರುತ್ತದೆ, ನಮ್ಮ ಲೆಡ್ಜರ್ ಒಂದಿರುತ್ತದೆ, ಎರಡನ್ನೂ ಸಿಸ್ಟಮ್ ಹೊಂದಿಸುತ್ತದೆ, ಹೊಂದದೆ ಉಳಿದದ್ದನ್ನು ನಾವು ಕೈಯಲ್ಲಿ ನೋಡುತ್ತೇವೆ. ಆರು ಜನರಿದ್ದೆವು. ನಾಲ್ವರು ಪರ್ಮನೆಂಟ್, ಇಬ್ಬರು ಕಾಂಟ್ರ್ಯಾಕ್ಟ್.

ಆ ವರ್ಷ ನಮ್ಮ ಮ್ಯಾನೇಜರ್‌ನ ಮೇಲಿನವರು, ಅಂದರೆ ನಮ್ಮ ವಿಪಿ, ಸ್ಕಿಪ್ ಲೆವೆಲ್ ಅಂತ ಎಲ್ಲರ ಜೊತೆ ಅರ್ಧರ್ಧ ಗಂಟೆ ಮಾತಾಡುವುದು ಶುರು ಮಾಡಿದರು. ನನ್ನ ಸರದಿ ಬಂದಾಗ ಅವರು ಕೇಳಿದ ಮುಖ್ಯ ಪ್ರಶ್ನೆ ಒಂದೇ: ನಿಮ್ಮ ಕೆಲಸದಲ್ಲಿ ಸುಮ್ನೆ ಹಾಳಾಗುವ ಸಮಯ ಯಾವುದು?

ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಒಂದು ಬ್ಯಾಂಕು ಆಗಾಗ ಹೇಳದೆ ಕೇಳದೆ ಫೈಲಿನ ಕಾಲಮ್ಮುಗಳನ್ನು ಆಚೆ ಈಚೆ ಮಾಡಿಬಿಡುತ್ತದೆ. ಆವತ್ತು ಅಪ್‌ಲೋಡ್ ಫೇಲ್. ಇಬ್ಬರು ಕೂತು ಎಕ್ಸೆಲ್‌ನಲ್ಲಿ ಸರಿ ಮಾಡಬೇಕು, ಎರಡು ಗಂಟೆ ಹೋಗುತ್ತದೆ, ಅಷ್ಟರಲ್ಲಿ ಆ ದಿನದ ರೀಫಂಡ್ ಬ್ಯಾಚ್ ಹೊರಟುಹೋಗಿರುತ್ತದೆ, ಹಾಗಾಗಿ ದುಡ್ಡು ಸಿಕ್ಕಿಕೊಂಡ ಗ್ರಾಹಕರಿಗೆ ಇನ್ನೂ ಒಂದು ದಿನ ಲೇಟು. ಫೈಲ್ ಬಂದ ತಕ್ಷಣ ಕಾಲಮ್ ಪರೀಕ್ಷಿಸುವ ಒಂದು ಸಣ್ಣ ಚೆಕ್ ಹಾಕಿ ಅಂತ ಇಂಜಿನಿಯರಿಂಗ್‌ಗೆ ಟಿಕೆಟ್ ಹಾಕಿ ನಾಲ್ಕು ತಿಂಗಳಾಗಿತ್ತು.

ಅವರು ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದರು. “ಒಂದು ದಿನ ಲೇಟು” ಅಂದಾಗ ಮಾತ್ರ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡರು. “ತಿಂಗಳಿಗೆ ಎಷ್ಟು ಗ್ರಾಹಕರಿಗೆ ಹೀಗಾಗುತ್ತೆ?” ಅಂತ ಕೇಳಿದರು. ನನ್ನ ಹತ್ತಿರ ಲೆಕ್ಕ ಇರಲಿಲ್ಲ, ನೋಡಿ ಹೇಳುತ್ತೇನೆ ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ, ಯಾಕಂದ್ರೆ ನಾನು ಮರೆತೆ.

ರಾತ್ರಿ ಮನೆಗೆ ಹೋಗಿ, ನಿಮ್ಮ ಹಾಗೆಯೇ, ಟೌನ್‌ಹಾಲ್‌ನ, ಅಂದರೆ ಇಡೀ ಕಂಪನಿಯ ಮೀಟಿಂಗಿನ ಸ್ಲೈಡ್ ತೆಗೆದು ಪಕ್ಕದಲ್ಲಿಟ್ಟುಕೊಂಡು ಕೂತೆ. ಮೂರು ಪ್ರಯಾರಿಟಿ ಇದ್ದವು: ಗ್ರಾಹಕರ ನಂಬಿಕೆ, ಹೊಸ ಊರುಗಳಿಗೆ ವಿಸ್ತರಣೆ, ಆಪರೇಷನಲ್ ಎಫಿಶಿಯೆನ್ಸಿ. ಮೂರಕ್ಕೂ ಒಂದೊಂದು ಪ್ಯಾರಾ ಬರೆದೆ. ಮೊದಲೆರಡು ಬರೀ ಗಾಳಿ. ಮೂರನೆಯದರಲ್ಲಿ ಮಾತ್ರ ಅಂಕಿ ಇತ್ತು. “ಈ ಕೆಲಸ ಆಟೊಮೇಟ್ ಆದರೆ ಇಬ್ಬರ ಎರಡೆರಡು ಗಂಟೆ ಉಳಿಯುತ್ತದೆ, ಇದು ನಮ್ಮ ಎಫಿಶಿಯೆನ್ಸಿ ಗುರಿಗೆ ನೇರವಾಗಿ ನೆರವಾಗುತ್ತದೆ” ಅಂತ. ಬರೆದು ನನಗೇ ಖುಷಿಯಾಗಿತ್ತು.

ಎರಡು ದಿನ ಬಿಟ್ಟು ನಮ್ಮ ಮ್ಯಾನೇಜರ್ ಕರೆದರು. ನನ್ನ ಮೇಲ್ ಅವರಿಗೆ ಫಾರ್ವರ್ಡ್ ಆಗಿತ್ತು. ಮೇಲೆ ವಿಪಿಯ ಒಂದೇ ಸಾಲು: ಒಳ್ಳೆಯ ಪಾಯಿಂಟ್, ಈ ಉಳಿತಾಯವನ್ನು ಮುಂದಿನ ಕ್ವಾರ್ಟರ್ ಪ್ಲಾನಿಗೆ ಸೇರಿಸಬಹುದಾ? “ಏನಮ್ಮಾ ಇದು, ನನಗೊಂದು ಮಾತು ಹೇಳಬಾರದಿತ್ತಾ?” ಅಂದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿರುತ್ತಿತ್ತು.

ನನ್ನ ತಪ್ಪು ಏನಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಸ್ಲೈಡಿನಲ್ಲಿ ಇರುವುದು ಪದ. ಆ ಪದದ ಕೆಳಗೆ ಯಾರೋ ಒಬ್ಬರು ಪ್ರತಿ ತಿಂಗಳು ನೋಡುವ ಒಂದು ಅಂಕಿ ಇರುತ್ತದೆ. ‘ಎಫಿಶಿಯೆನ್ಸಿ’ ಅಂದರೆ ನನ್ನ ತಲೆಯಲ್ಲಿ ಇದ್ದದ್ದು, ಬೇಡದ ಕೆಲಸ ತಪ್ಪಿದರೆ ಬೇಕಾದ ಕೆಲಸ ಮಾಡಬಹುದು ಅಂತ. ಆದರೆ ನಮ್ಮ ಕಂಪನಿಯಲ್ಲಿ ಆ ಪದದ ಕೆಳಗಿದ್ದ ಅಂಕಿ, ಒಂದು ಲಕ್ಷ ವಹಿವಾಟಿಗೆ ಆಪರೇಷನ್ಸ್ ಖರ್ಚು ಎಷ್ಟು ಅಂತ. ಆಪರೇಷನ್ಸ್ ಖರ್ಚಿನಲ್ಲಿ ಮುಕ್ಕಾಲು ಪಾಲು ಸಂಬಳ. ಅಂದಮೇಲೆ ಆ ಸಾಲಿಗೆ ಲಿಂಕ್ ಮಾಡಿದ ಯಾವ ಮಾತೇ ಆದರೂ ಕೊನೆಗೆ ಕೇಳುವ ಪ್ರಶ್ನೆ ಒಂದೇ, ಎಷ್ಟು ಜನ ಕಡಿಮೆ ಆಗ್ತಾರೆ? ಎರಡು ಗಂಟೆ, ಇಬ್ಬರು. ಅವರು ಲೆಕ್ಕ ತಪ್ಪು ಮಾಡಲಿಲ್ಲ. ನಾನು ಕೊಟ್ಟ ಲೆಕ್ಕವನ್ನೇ ಮಾಡಿದರು. ಫೈಲ್ ಕೆಡುತ್ತಿದ್ದದ್ದು ದಿನಾ ಅಲ್ಲ, ತಿಂಗಳಿಗೆ ಎರಡು ಮೂರು ಸಲ. ಅದನ್ನು ನಾನು ಬರೆದೇ ಇರಲಿಲ್ಲ, ಓದಿದವರಿಗೆ ದಿನಾ ನಾಲ್ಕು ಗಂಟೆ ಉಳಿಯುತ್ತದೆ ಅನ್ನಿಸಿತು.

ಇನ್ನೂ ಒಂದು. ಮೀಟಿಂಗ್‌ನಲ್ಲಿ ನಾನು ಹೇಳಿದ್ದು ಗ್ರಾಹಕರ ದುಡ್ಡು ಲೇಟಾಗುವ ಕಥೆ. ಮೇಲ್‌ನಲ್ಲಿ ಬರೆದದ್ದು ಗಂಟೆ ಉಳಿತಾಯದ ಕಥೆ. ಸ್ಲೈಡಿಗೆ ಹೊಂದಿಸುವ ಆಸೆಯಲ್ಲಿ ನನ್ನ ಉತ್ತರವನ್ನೇ ನಾನು ಬದಲಾಯಿಸಿದ್ದೆ. ಮಾತಾಡಿದ್ದು ಮರೆತುಹೋಗುತ್ತದೆ, ಮೇಲ್ ಫಾರ್ವರ್ಡ್ ಆಗುತ್ತದೆ.

ಮ್ಯಾನೇಜರ್ ಹೋರಾಡಿದರು. ಆದರೂ ಮುಂದಿನ ಕ್ವಾರ್ಟರ್‌ನಲ್ಲಿ ಒಂದು ಕಾಂಟ್ರ್ಯಾಕ್ಟ್ ಸೀಟು ಹೋಯಿತು. ಗದಗದ ಕಡೆಯ ಹುಡುಗ, ತಾಳೆ ನೋಡುವುದರಲ್ಲಿ ನಮ್ಮೆಲ್ಲರಿಗಿಂತ ಚುರುಕು. ಕಾಲಮ್ ಚೆಕ್ ಮಾತ್ರ ಬರಲೇ ಇಲ್ಲ, ಟಿಕೆಟ್ ಇದ್ದಲ್ಲೇ ಇತ್ತು. ಈಗ ಐದು ಜನ ಕೂತು ಅದೇ ಫೈಲನ್ನು ಅದೇ ಎಕ್ಸೆಲ್‌ನಲ್ಲಿ ಸರಿ ಮಾಡುತ್ತಿದ್ದೆವು.

ಸುಮಾರು ಒಂದು ವರ್ಷದ ನಂತರ ವಿಪಿ ಬದಲಾದರು, ಮತ್ತೆ ಸ್ಕಿಪ್ ಲೆವೆಲ್. ನನಗೆ ಹೇಳಲಿಕ್ಕೆ ಬೇರೆ ಏನಿದೆ, ಅದೇ ಫೈಲಿನ ಕಥೆ ಹೇಳಿದೆ. ಅವರೂ ಸುಮಾರು ಅದೇ ಪ್ರಶ್ನೆ ಕೇಳಿದರು: ಎಷ್ಟು ಜನರಿಗೆ? ಈ ಸಲ ರಾತ್ರಿ ಮೇಲ್ ಬರೆಯಲಿಲ್ಲ. ಬೆಳಗ್ಗೆ ಹೋಗಿ ಮೂರು ತಿಂಗಳ ಲಾಗ್ ತೆಗೆದೆ. ಫೈಲ್ ಕೆಟ್ಟದ್ದು ಏಳು ಸಲ. ಅದರಿಂದ ತಡವಾದ ರೀಫಂಡ್ 1,140. ಅದರಲ್ಲಿ ಐದು ದಿನದ ಗಡುವು ದಾಟಿದ್ದು 38.

ಐದು ದಿನದ ಗಡುವು ಅಂದರೆ, ಅಂಗಡಿಯಲ್ಲಿ ಯುಪಿಐ ಮಾಡಿ ನಿಮ್ಮ ಖಾತೆಯಿಂದ ಹಣ ಹೋಗಿ ಅಂಗಡಿಯವರಿಗೆ ಕನ್ಫರ್ಮೇಷನ್ ಬರದಿದ್ದರೆ, ವಹಿವಾಟು ನಡೆದ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ವಾಪಸ್ ಆಗಬೇಕು, ತಪ್ಪಿದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆ. ಅಲ್ಲಿ ಕ್ಯಾಲೆಂಡರ್ ದಿನವೇ ಲೆಕ್ಕ, ಭಾನುವಾರ ಹಬ್ಬ ಅಂತ ಬಿಡುವಿಲ್ಲ. ಸಾಲು ರಜೆಯ ಹಿಂದೆ ಮುಂದೆ ಫೈಲ್ ಕೆಟ್ಟರೆ ನಮ್ಮ ಒಂದು ದಿನದ ತಡವೇ ಗಡುವು ದಾಟಿಸುತ್ತದೆ.

ಈಗ ನೋಡಿ ಮಜಾ. ಆ 38 ಕೂಡ ಒಂದೊಂದೇ ದಿನ ದಾಟಿದ್ದವು. ಪರಿಹಾರ ಒಟ್ಟು 3,800 ರೂಪಾಯಿ. ಖರ್ಚಿನ ಪ್ರಯಾರಿಟಿಗೆ ಲಿಂಕ್ ಮಾಡಿದರೆ ಇದನ್ನು ಯಾರೂ ತಿರುಗಿಯೂ ನೋಡುವುದಿಲ್ಲ, ಒಂದು ಟೀಮ್ ಲಂಚ್‌ಗೆ ಸಾಲದು. ಅದೇ 1,140 ಜನರ ದುಡ್ಡು ತಡವಾಯಿತು, 38 ಕಡೆ ರಿಸರ್ವ್ ಬ್ಯಾಂಕಿನ ಗಡುವೇ ತಪ್ಪಿತು ಅಂತ ‘ಗ್ರಾಹಕರ ನಂಬಿಕೆ’ ಸಾಲಿನ ಕೆಳಗೆ ಇಟ್ಟರೆ ಅದಕ್ಕೆ ಬೇರೆಯೇ ತೂಕ. ಆ ಸಾಲಿನ ಅಂಕಿ ನಮ್ಮಲ್ಲಿ ಏನಂದರೆ, ಗಡುವಿನೊಳಗೆ ಮುಗಿದ ರೀಫಂಡ್ ಶೇಕಡಾ ಎಷ್ಟು ಅಂತ. ಇದು ನನಗೆ ಹೇಗೆ ಗೊತ್ತಾಯಿತು ಅಂದರೆ, ಮ್ಯಾನೇಜರನ್ನು ಕೇಳಿದೆ ಅಷ್ಟೇ. ಅವರು ಪ್ರತಿ ತಿಂಗಳು ರಿವ್ಯೂಗೆ ಅದೇ ಅಂಕಿ ಕಳಿಸುತ್ತಿದ್ದರು. ಟೌನ್‌ಹಾಲ್ ಸ್ಲೈಡಿಗಿಂತ ಆ ರಿವ್ಯೂ ಶೀಟ್ ನೋಡಿ. ಪ್ರಯಾರಿಟಿಯ ನಿಜವಾದ ಅರ್ಥ ಅಲ್ಲಿರುತ್ತದೆ. ಕೆಳಗಿನ ಅಂಕಿ ಯಾವುದು, ಅದು ಸರಿಯಾಗಲು ಕಂಪನಿ ಹಣ ಹಾಕುತ್ತದೋ ಜನರನ್ನು ತೆಗೆಯುತ್ತದೋ ಅಂತ ಗೊತ್ತಿಲ್ಲದ ಪ್ರಯಾರಿಟಿಯ ಹೆಸರನ್ನು ಮೇಲ್‌ನಲ್ಲಿ ಬರೆಯಲೇಬಾರದು ಅನ್ನುವುದು ನನ್ನ ಹಠ.

ಮೇಲ್ ಇಂಗ್ಲಿಷಿನಲ್ಲಿತ್ತು, ಅದರ ತಿರುಳು ಹೀಗಿತ್ತು:

“ನಿನ್ನೆ ಸಮಯ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಫೈಲ್ ಕೆಟ್ಟಾಗ ಎಷ್ಟು ಗ್ರಾಹಕರಿಗೆ ತೊಂದರೆ ಅಂತ ಕೇಳಿದ್ದಿರಿ, ಆಗ ನನ್ನ ಹತ್ತಿರ ಲೆಕ್ಕ ಇರಲಿಲ್ಲ. ಕಳೆದ ಮೂರು ತಿಂಗಳಲ್ಲಿ ಏಳು ಸಲ, 1,140 ರೀಫಂಡ್ ತಡ, 38 ಗಡುವು ದಾಟಿವೆ. ಗ್ರಾಹಕರ ನಂಬಿಕೆಯ ಕೆಳಗೆ ನಾವು ಅಳೆಯುವ ‘ಗಡುವಿನೊಳಗಿನ ರೀಫಂಡ್’ ಅಂಕಿಯಲ್ಲಿ ಈ 38 ಕಾಣಿಸುತ್ತವೆ. ಕಾಲಮ್ ಚೆಕ್‌ನ ಟಿಕೆಟ್ ತೆರೆದಿದೆ, ನನ್ನ ಮ್ಯಾನೇಜರ್‌ಗೂ ಈ ಅಂಕಿ ಕೊಟ್ಟಿದ್ದೇನೆ.”

ಅಷ್ಟೇ. ಎಷ್ಟು ಗಂಟೆ ಉಳಿಯುತ್ತದೆ ಅಂತ ಒಂದಕ್ಷರ ಇಲ್ಲ. ಬ್ಯಾಂಕಿನ ಹೆಸರಿಲ್ಲ, ಯಾವ ಟೀಮಿನ ಮೇಲೂ ದೂರಿಲ್ಲ, ಯಾಕಂದ್ರೆ ಇದೂ ಫಾರ್ವರ್ಡ್ ಆಗುತ್ತದೆ ಅಂತಲೇ ಬರೆದದ್ದು. ಕಳಿಸುವ ಮೊದಲು ಮ್ಯಾನೇಜರ್‌ಗೆ ತೋರಿಸಿದೆ. ಅವರು ‘ತಡ’ ಅನ್ನುವ ಕಡೆ ‘ಒಂದು ದಿನ ತಡ’ ಅಂತ ಮಾಡಿಸಿದರು. ಒಳ್ಳೆಯ ತಿದ್ದುಪಡಿ, ಇಲ್ಲದಿದ್ದರೆ ವಾರಗಟ್ಟಲೆ ತಡ ಅಂತ ಯಾರಾದರೂ ಓದಿಕೊಳ್ಳುತ್ತಿದ್ದರು. ಒಂದು ದಿನ ತಡವಾಗಿ ಥ್ಯಾಂಕ್ಸ್ ಹೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲೇ ನನಗೆ ತಕರಾರಿದೆ. “ನಾಲ್ಕೂ ಪ್ರಯಾರಿಟಿಗೆ ಹೇಗೆ ಲಿಂಕ್ ಮಾಡಲಿ” ಅನ್ನುವುದು ಸ್ಲೈಡಿನಿಂದ ಶುರುವಾಗುವ ಪ್ರಶ್ನೆ. ಆ ಸ್ಲೈಡ್ ಮಾಡಿಸಿದವರಿಗೇ ಅದನ್ನು ವಾಪಸ್ ಓದಿ ಹೇಳಿ ಏನು ಪ್ರಯೋಜನ? ನಿಮ್ಮ ವಿಪಿ ಮೀಟಿಂಗ್‌ನಲ್ಲಿ ಎಲ್ಲಿ ಬರೆದುಕೊಂಡರು, ಯಾವ ಮಾತಿಗೆ ಮರುಪ್ರಶ್ನೆ ಕೇಳಿದರು, ನೀವು ಯಾವುದಕ್ಕೆ “ನೋಡಿ ಹೇಳ್ತೀನಿ” ಅಂದಿರಿ? ಅಲ್ಲಿಂದ ಶುರು ಮಾಡಿ. ಆ ಒಂದು ಉತ್ತರ ಯಾವ ಪ್ರಯಾರಿಟಿಯ ಅಂಕಿಯನ್ನು ಅಲುಗಿಸುತ್ತದೋ ಅದೊಂದರ ಹೆಸರು ಸಾಕು. ಯಾವುದಕ್ಕೂ ಸೇರದಿದ್ದರೆ ಬಿಟ್ಟುಬಿಡಿ, ಎರಡು ಸಾಲಿನ ಥ್ಯಾಂಕ್ಸ್ ಕಳಿಸಿ ಊಟಕ್ಕೆ ಹೋಗಿ.

ಆ ಎರಡನೇ ಮೇಲ್‌ಗೆ ವಿಪಿ “ಥ್ಯಾಂಕ್ಸ್, ಉಪಯೋಗ ಆಯ್ತು” ಅಂತ ಒಂದು ಸಾಲು ಬರೆದರು. ಮೂರು ವಾರಕ್ಕೆ ಟಿಕೆಟ್‌ನಲ್ಲಿ ಒಬ್ಬ ಇಂಜಿನಿಯರ್ ಹೆಸರು ಕಾಣಿಸಿತು. ಚೆಕ್ ಬಂದ ದಿನ ಗದಗದ ಹುಡುಗನಿಗೆ ಮೆಸೇಜ್ ಹಾಕಿದೆ. ಅವನು ಅಷ್ಟೊತ್ತಿಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸಕ್ಕೆ ಸೇರಿದ್ದ. “ಅಕ್ಕಾ, ಕಡೀಗೂ ಬಂತಲ್ರೀ” ಅಂದ, ಒಂದು ನಗುವಿನ ಚಿತ್ರ ಹಾಕಿದ. ಆ ಮೊದಲನೇ ಮೇಲ್ ವಿಷಯ ಅವನಿಗೆ ನಾನು ಇನ್ನೂ ಹೇಳಿಲ್ಲ.