ನಕಲು ಚೀಟಿ ಸಿಕ್ಕ ಕೊಠಡಿಯಲ್ಲಿ ಮೇಲ್ವಿಚಾರಕರ ಕೆಲಸ

ಪ್ರಶ್ನೆ: ಹಾವೇರಿಯ ಪದವಿ ಕಾಲೇಜೊಂದಕ್ಕೆ ಈ ವರ್ಷ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೇನೆ. ಮುಂದಿನ ವಾರದಿಂದ ಸೆಮಿಸ್ಟರ್ ಪರೀಕ್ಷೆಯ ಸೂಪರ್‌ವಿಜನ್ ಹಾಕಿದ್ದಾರೆ. ಹಾಜರಿ ಹಾಳೆ, ಆಸನ ವ್ಯವಸ್ಥೆ ಎಲ್ಲವೂ ಹೊಸದು. ಯಾರಾದರೂ ನಕಲು ಮಾಡುವುದು ಕಂಡರೆ ನಾನು ಏನು ಮಾಡಬೇಕು, ಏನು ಬರೆಯಬೇಕು?

ಉತ್ತರ:

ನಾನು ಧಾರವಾಡದಲ್ಲಿ ಪಾಠ ಮಾಡುತ್ತೇನೆ. ಸೂಪರ್‌ವಿಜನ್‌ಗೆ ಹುಬ್ಬಳ್ಳಿ, ಗದಗದ ಕೇಂದ್ರಗಳಿಗೂ ಹೋಗುತ್ತೇನೆ. ಹೊಸಬರೆಲ್ಲ ಚೀಟಿ ಹಿಡಿಯುವುದು ಹೇಗೆಂದು ಕೇಳುತ್ತಾರೆ. ಹಿಡಿಯುವುದು ಕಷ್ಟವಲ್ಲ. ಹಿಡಿದ ಮೇಲೆ ಬರೆದಿಟ್ಟದ್ದು ತಿಂಗಳುಗಳ ನಂತರ ಅವ್ಯವಹಾರ ವಿಚಾರಣಾ ಸಮಿತಿಯ ಮುಂದೆ ನಿಲ್ಲಬೇಕು, ಕಷ್ಟವಿರುವುದು ಅಲ್ಲಿ. ಆ ಸಮಿತಿಯವರು ನಿಮ್ಮ ಕೊಠಡಿಯನ್ನು ಕಂಡಿರುವುದಿಲ್ಲ. ಅವರ ಕೈಯಲ್ಲಿರುವುದು ಆಸನ ನಕ್ಷೆ, ಹಾಜರಿ ಹಾಳೆ, ಚೀಟಿ, ಉತ್ತರ ಪತ್ರಿಕೆ ಮತ್ತು ನಿಮ್ಮ ವರದಿ ಮಾತ್ರ. ಇವು ಒಂದಕ್ಕೊಂದು ಹೊಂದದಿದ್ದರೆ ತಪ್ಪು ಮಾಡಿದವನು ಪಾರಾಗುತ್ತಾನೆ, ಇಲ್ಲವೇ ಏನೂ ಮಾಡದವನು ಸಿಕ್ಕಿಬೀಳುತ್ತಾನೆ. ಎರಡನೆಯದು ನನ್ನನ್ನು ಹೆಚ್ಚು ಕಾಡುತ್ತದೆ.

ಗದಗದ ಕೇಂದ್ರವೊಂದರಲ್ಲಿ ನಾನೇ ಬ್ಲಾಕ್‌ನಲ್ಲಿದ್ದಾಗ ನಡೆದ ಪ್ರಕರಣವನ್ನು ಹೇಳುತ್ತೇನೆ. ಹತ್ತು ಗಂಟೆಯ ಪರೀಕ್ಷೆ. ಬ್ಲಾಕ್‌ಗೆ 32 ವಿದ್ಯಾರ್ಥಿಗಳು, ನಾಲ್ಕು ಸಾಲು, ಸಾಲಿಗೆ ಎಂಟು ಜನ. ಒಂದು ಸಾಲು ಬಿ.ಎ. ಇತಿಹಾಸ, ಅದರ ಪಕ್ಕದ ಸಾಲು ಬಿ.ಕಾಂ. ಲೆಕ್ಕಶಾಸ್ತ್ರ, ಮತ್ತೆ ಇತಿಹಾಸ, ಮತ್ತೆ ಲೆಕ್ಕಶಾಸ್ತ್ರ. ಪಕ್ಕದವನ ಹಾಳೆ ನೋಡಿ ಬರೆಯಬಾರದೆಂದು ಹೀಗೆ ಕೂರಿಸುತ್ತಾರೆ. ಇದರಿಂದ ಇನ್ನೊಂದು ಉಪಯೋಗವೂ ಇದೆ, ಅದು ಮುಂದೆ ತಿಳಿಯುತ್ತದೆ.

ಉತ್ತರ ಪತ್ರಿಕೆಯ ಕಟ್ಟು ಕೈಗೆ ಬಂದ ಕೂಡಲೇ ಎಣಿಸಿಕೊಳ್ಳಿ. ಅಂದು ನನಗೆ ಕೊಟ್ಟದ್ದು 34. ಆ ಸಂಖ್ಯೆಯನ್ನೂ ಮೊದಲ ಮತ್ತು ಕೊನೆಯ ಕ್ರಮಸಂಖ್ಯೆಯನ್ನೂ ಬರೆದುಕೊಂಡೇ ಪಡೆದ ಸಹಿ ಹಾಕಿದೆ. ವಿದ್ಯಾರ್ಥಿಗಳು ಒಳಗೆ ಬರುವ ಮೊದಲೇ ಬೆಂಚುಗಳ ಮೇಲ್ಭಾಗ, ಕೆಳಗಿನ ಹಲಗೆ, ಗೋಡೆಯ ಅಂಚು, ಕಿಟಕಿಯ ಕಟ್ಟೆ ನೋಡಬೇಕು. ಬೆಂಚಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ್ದೇನಾದರೂ ಇದ್ದರೆ ಆಗಲೇ ಅಳಿಸಿಹಾಕಿ. ಬಿಟ್ಟರೆ ಅದು ಅಲ್ಲಿ ಕುಳಿತವನ ತಲೆಗೆ ಬರುತ್ತದೆ, ಬರೆದವನು ಹಿಂದಿನ ದಿನದವನಾಗಿದ್ದರೂ. ನಿಮ್ಮ ಸಂಬಂಧಿಕರು ಆ ಬ್ಲಾಕ್‌ನಲ್ಲಿದ್ದರೆ ಅಥವಾ ಅಂದಿನ ವಿಷಯವನ್ನು ನೀವೇ ಪಾಠ ಮಾಡುವವರಾಗಿದ್ದರೆ ಮೊದಲೇ ಹಿರಿಯ ಮೇಲ್ವಿಚಾರಕರಿಗೆ ಹೇಳಿ ಬ್ಲಾಕ್ ಬದಲಾಯಿಸಿಕೊಳ್ಳಿ.

ಹಾಜರಿ ಹಾಳೆಗೆ ಅವಸರ ಬೇಡ. ತಡವಾಗಿ ಬಂದವರನ್ನು ಒಳಗೆ ಬಿಡುವ ಸಮಯ, ಸಾಮಾನ್ಯವಾಗಿ ಮೊದಲ ಅರ್ಧ ಗಂಟೆ, ಮುಗಿಯಲಿ. ಆಮೇಲೆ ಒಬ್ಬೊಬ್ಬರ ಬಳಿ ನೀವೇ ಹೋಗಿ ಸಹಿ ಮಾಡಿಸಿ. ಹಾಳೆಯನ್ನು ಮುಂದಿನ ಬೆಂಚಿಗೆ ಕೊಟ್ಟು ಹಿಂದಕ್ಕೆ ಸಾಗಿಸಬೇಡಿ. ಬೆಂಚಿನ ಬಳಿ ನಿಂತು ಪ್ರವೇಶ ಪತ್ರದ ಫೋಟೊ ಮತ್ತು ಮುಖ, ಪ್ರವೇಶ ಪತ್ರದ ನೋಂದಣಿ ಸಂಖ್ಯೆ ಮತ್ತು ಉತ್ತರ ಪತ್ರಿಕೆಯ ಮುಖಪುಟದ ಸಂಖ್ಯೆ ನೋಡಿ. ಪ್ರಶ್ನೆಪತ್ರಿಕೆಯ ಸಂಕೇತ ಸರಿಯಾಗಿದೆಯೇ ಎಂದೂ ನೋಡಿ. ನಂತರ ಅವನ ಸಹಿಯ ಪಕ್ಕದಲ್ಲಿ ಉತ್ತರ ಪತ್ರಿಕೆಯ ಕ್ರಮಸಂಖ್ಯೆ ಬರೆಸಿ, ಮುಖಪುಟಕ್ಕೆ ನಿಮ್ಮ ಸಹಿ ಹಾಕಿ. ಈ ಒಂದು ಸಾಲಿನಿಂದಲೇ ಯಾವ ಪುಸ್ತಿಕೆ ಯಾರ ಕೈಯಲ್ಲಿತ್ತು ಎಂಬುದು ಗೊತ್ತಾಗುತ್ತದೆ. ಕಾಲೇಜಿನ ಹಾಜರಿ ಕ್ರಮಾಂಕವನ್ನೇ ನೋಂದಣಿ ಸಂಖ್ಯೆಯ ಜಾಗದಲ್ಲಿ ಬರೆಯುವವರು ಪ್ರತಿ ಬ್ಲಾಕ್‌ನಲ್ಲೂ ಒಬ್ಬಿಬ್ಬರು ಇರುತ್ತಾರೆ, ಅದೂ ಇಲ್ಲಿಯೇ ಸಿಗುತ್ತದೆ.

ಅಂದು ಇಬ್ಬರು ಗೈರು. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಎಂದು ಬರೆದೆ. ಅವರಲ್ಲಿ ಒಬ್ಬ ಇತಿಹಾಸದ ಮೊದಲ ಸಾಲಿನ ಐದನೆಯವನು. ಆ ಜಾಗ ಖಾಲಿಯಾಯಿತು. ಹಿಂದಿನವರನ್ನು ಮುಂದಕ್ಕೆ ಸರಿಸಿ ಜಾಗ ತುಂಬಿಸುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದ ಕ್ಷಣದಿಂದ ಕೊಠಡಿಗೂ ಆಸನ ನಕ್ಷೆಗೂ ಸಂಬಂಧ ಇರುವುದಿಲ್ಲ. ಖಾಲಿ ಜಾಗ ಖಾಲಿಯಾಗಿಯೇ ಇರಬೇಕು.

11.20ಕ್ಕೆ ಆ ಸಾಲಿನಲ್ಲಿ ನಡೆಯುತ್ತಿದ್ದೆ. ಖಾಲಿ ಜಾಗದ ಹಿಂದೆ, ಆರನೆಯ ಬೆಂಚಿನವನು ನನ್ನನ್ನು ಕಂಡು ಉತ್ತರ ಪತ್ರಿಕೆಯನ್ನು ಎದೆಯ ಕಡೆಗೆ ಎಳೆದುಕೊಂಡ. ಅದರ ಅಡಿಯಿಂದ ಮಡಿಕೆಗಳಿರುವ ಒಂದು ಚೀಟಿ ಜಾರಿ ನೆಲಕ್ಕೆ ಬಿತ್ತು. ಗದಗದ ಗಾಳಿ ನಿಮಗೆ ಗೊತ್ತಿರಬಹುದು, ಕಿಟಕಿ ತೆರೆದಿತ್ತು. ಚೀಟಿ ಉರುಳಿ ಪಕ್ಕದ ಲೆಕ್ಕಶಾಸ್ತ್ರದ ಸಾಲಿನ ಹುಡುಗಿಯ ಚಪ್ಪಲಿಯ ಬಳಿ ನಿಂತಿತು. ಆ ಗಳಿಗೆಯಲ್ಲಿ ಒಳಗೆ ಬಂದವರು ಯಾರೇ ಆಗಿದ್ದರೂ ಅದು ಅವಳದೆಂದೇ ತಿಳಿಯುತ್ತಿದ್ದರು.

ನಾನು ಚೀಟಿಯನ್ನು ಎತ್ತಿಕೊಂಡು ಅಲ್ಲಿಯೇ ನಿಂತೆ, ಬಾಗಿಲಲ್ಲಿದ್ದ ಸಿಬ್ಬಂದಿಯನ್ನು ಕಳುಹಿಸಿ ಹಿರಿಯ ಮೇಲ್ವಿಚಾರಕರನ್ನು ಕರೆಸಿದೆ. ಇಂಥ ಸಮಯದಲ್ಲಿ ಧ್ವನಿ ಏರಿಸುವುದು, ಬೈಯುವುದು, ಉಳಿದ ಇಪ್ಪತ್ತೊಂಬತ್ತು ಜನರ ಮುಂದೆ ಅವಮಾನಿಸುವುದು ಸಲ್ಲದು. ಅವರ ಸಮಯವೂ ಓಡುತ್ತಿರುತ್ತದೆ. ನೀವಾಗಿ ಅವನ ಜೇಬಿಗೆ ಕೈ ಹಾಕಬೇಡಿ. ಜೇಬಿನಲ್ಲಿರುವುದನ್ನು ಅವನೇ ತೆಗೆದು ಬೆಂಚಿನ ಮೇಲೆ ಇಡಲಿ. ವಿದ್ಯಾರ್ಥಿನಿಯಾದರೆ ಪರಿಶೀಲನೆಗೆ ಮಹಿಳಾ ಸಿಬ್ಬಂದಿಯೇ ಬರಬೇಕು. ಮೊಬೈಲ್ ಸಿಕ್ಕರೆ ಅದನ್ನು ತೆರೆದು ನೋಡುವ ಕೆಲಸ ನಿಮ್ಮದಲ್ಲ, ಹಾಗೆಯೇ ಲಕೋಟೆಗೆ ಹಾಕಿ ಮೇಲಧಿಕಾರಿಗೆ ಒಪ್ಪಿಸಿ.

ಹಿರಿಯ ಮೇಲ್ವಿಚಾರಕರು ಬಂದ ಮೇಲೆ ಅವನ ಉತ್ತರ ಪತ್ರಿಕೆಯನ್ನು ವಶಕ್ಕೆ ತೆಗೆದುಕೊಂಡೆವು. ಅವನು ಬರೆದು ನಿಲ್ಲಿಸಿದ ಕೊನೆಯ ಸಾಲಿನ ಕೆಳಗೆ ಒಂದು ಗೆರೆ ಎಳೆದು, 11.20 ಎಂದು ಬರೆದು, ಇಬ್ಬರೂ ಸಹಿ ಹಾಕಿದೆವು. ಗೆರೆಯ ಮೇಲಿರುವುದು ಮಾತ್ರ ಆ ಹೊತ್ತಿಗೆ ಬರೆದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಇರುವುದಿಲ್ಲ. ಚೀಟಿಯ ಬರಹದ ಮೇಲೆ ಪೆನ್ನು ತಾಗಿಸದೆ, ಹಿಂಬದಿಯ ಖಾಲಿ ಮೂಲೆಯಲ್ಲಿ ದಿನಾಂಕ, ಸಮಯ, ಬ್ಲಾಕ್ ಸಂಖ್ಯೆ, ಅವನ ನೋಂದಣಿ ಸಂಖ್ಯೆ ಬರೆದು ಅವನ ಸಹಿಯನ್ನೂ ಪಡೆದೆವು. ಚೀಟಿಯಲ್ಲಿ ಮೌರ್ಯರ ಆಡಳಿತದ ಬಗ್ಗೆ ಸಣ್ಣಕ್ಷರದ ಟಿಪ್ಪಣಿ ಇತ್ತು. ಉತ್ತರ ಪತ್ರಿಕೆಯ ಏಳನೆಯ ಪುಟದಲ್ಲಿ ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ ಆರು ಸಾಲುಗಳಿದ್ದವು. ಪಕ್ಕದ ಹುಡುಗಿ ಬರೆಯುತ್ತಿದ್ದದ್ದು ಲಾಭ ನಷ್ಟದ ಖಾತೆ. ಸಾಲು ಬದಲಿಸಿ ಕೂರಿಸಿದ್ದರ ಇನ್ನೊಂದು ಉಪಯೋಗ ಇದೇ. ಅವಳಿಗೆ ಆ ಚೀಟಿಯಿಂದ ಆಗಬೇಕಾದದ್ದೇನೂ ಇರಲಿಲ್ಲ ಎಂಬುದನ್ನು ಆಸನ ನಕ್ಷೆಯೇ ಹೇಳುತ್ತಿತ್ತು. ಮುಂದಿನ ಬೆಂಚು ಖಾಲಿ ಇದ್ದುದರಿಂದ ಮುಂದಿನವನು ಎಸೆದದ್ದು ಎಂಬ ಮಾತಿಗೂ ಎಡೆಯಿರಲಿಲ್ಲ.

ಇನ್ನು ವರದಿ. ಕೇಂದ್ರದಲ್ಲಿ ಇದಕ್ಕೆ ನಮೂನೆ ಇರುತ್ತದೆ, ಅದರಲ್ಲಿ ಮೇಲ್ವಿಚಾರಕರ ಹೇಳಿಕೆಗೆ ಜಾಗ ಬಿಟ್ಟಿರುತ್ತಾರೆ. ಬಹಳ ಮಂದಿ ಅಲ್ಲಿ ‘ನಕಲು ಮಾಡುತ್ತಿರುವಾಗ ಸಿಕ್ಕಿಬಿದ್ದ’ ಎಂದು ಒಂದೇ ಸಾಲು ಬರೆದು ಮುಗಿಸುತ್ತಾರೆ. ಅದು ತೀರ್ಮಾನ, ಸಾಕ್ಷ್ಯವಲ್ಲ. ತೀರ್ಮಾನ ಸಮಿತಿಗೆ ಸೇರಿದ್ದು. ನಾನು ಬರೆದದ್ದು ಸುಮಾರು ಹೀಗಿತ್ತು:

‘11.20ಕ್ಕೆ ಇತಿಹಾಸದ ಮೊದಲ ಸಾಲಿನ ಆರನೆಯ ಆಸನದ ಅಭ್ಯರ್ಥಿಯ ಉತ್ತರ ಪತ್ರಿಕೆಯ ಅಡಿಯಿಂದ ಒಂದು ಚೀಟಿ ನೆಲಕ್ಕೆ ಬಿದ್ದುದನ್ನು ನಾನು ಎರಡು ಹೆಜ್ಜೆ ದೂರದಿಂದ ನೋಡಿದೆನು. ಗಾಳಿಗೆ ಅದು ಎಡಗಡೆಯ ಸಾಲಿಗೆ ಸರಿಯಿತು, ಅಲ್ಲಿಂದ ನಾನೇ ಎತ್ತಿಕೊಂಡೆನು. ಚೀಟಿ ಅಭ್ಯರ್ಥಿಯ ಕೈಯಲ್ಲಿದ್ದುದನ್ನು ನಾನು ನೋಡಿಲ್ಲ. ಚೀಟಿಯ ಬರಹಕ್ಕೂ ಉತ್ತರ ಪತ್ರಿಕೆಯ 7ನೇ ಪುಟದ ಆರು ಸಾಲುಗಳಿಗೂ ಹೋಲಿಕೆ ಇದೆ.’

ಕೈಯಲ್ಲಿದ್ದುದನ್ನು ನೋಡಿಲ್ಲ ಎಂಬ ವಾಕ್ಯವನ್ನು ತೆಗೆದರೆ ಪ್ರಕರಣ ಗಟ್ಟಿಯಾಗುತ್ತದೆ ಎಂದು ಹಿರಿಯ ಮೇಲ್ವಿಚಾರಕರು ಹೇಳಿದರು. ‘ಸರ್, ಇದ್ದದ್ದು ಇದ್ದ ಹಾಗೆಯೇ ಇರಲಿ’ ಎಂದೆ. ನೋಡದ್ದನ್ನು ನೋಡಿದೆನೆಂದು ಬರೆದರೆ ಸಮಿತಿಯ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ. ಆಗ ನಿಜವಾಗಿ ನೋಡಿದ್ದನ್ನೂ ಯಾರೂ ನಂಬುವುದಿಲ್ಲ. ಅವರು ಒಪ್ಪಿದರು.

ವಿದ್ಯಾರ್ಥಿಯ ಹೇಳಿಕೆ ಅವನದೇ ಕೈಬರಹದಲ್ಲಿ, ಅವನದೇ ಮಾತಿನಲ್ಲಿ ಇರಬೇಕು. ನೀವು ಹೇಳಿ ಬರೆಸಬೇಡಿ. ‘ಒಪ್ಪಿಕೊಂಡರೆ ಬಿಟ್ಟುಬಿಡುತ್ತೇವೆ’ ಎಂದು ಆಸೆ ತೋರಿಸುವುದಂತೂ ಅನ್ಯಾಯ, ಏಕೆಂದರೆ ಬಿಡುವ ಅಧಿಕಾರ ನಿಮಗಿಲ್ಲ. ಅವನು ಬರೆಯಲು ಒಪ್ಪದಿದ್ದರೆ ‘ಹೇಳಿಕೆ ನೀಡಲು ನಿರಾಕರಿಸಿದ್ದಾನೆ’ ಎಂದು ಬರೆದು ಇನ್ನೊಬ್ಬರ ಸಾಕ್ಷಿ ಸಹಿ ಹಾಕಿಸಿದರೆ ಸಾಕು. ಅಂದಿನ ಹುಡುಗ ಬರೆದುಕೊಟ್ಟ, ಅಳುತ್ತಲೇ ಬರೆದ. ನೀರು ಕುಡಿಸಿ, ಸಮಾಧಾನವಾದ ಮೇಲೆ ಬರೆಯಲು ಹೇಳಿದೆವು.

ಆಮೇಲೆ ಅವನು ಪರೀಕ್ಷೆ ಮುಂದುವರಿಸಬಹುದೇ ಎಂಬುದು ಆಯಾ ವಿಶ್ವವಿದ್ಯಾಲಯದ ನಿಯಮ, ಮುಖ್ಯ ಅಧೀಕ್ಷಕರ ತೀರ್ಮಾನ. ಇದನ್ನು ಮೊದಲ ದಿನದ ಸಭೆಯಲ್ಲಿಯೇ ಕೇಳಿಟ್ಟುಕೊಳ್ಳಿ. ಅಂದು ಅವನಿಗೆ ಹೊಸ ಉತ್ತರ ಪತ್ರಿಕೆ ಕೊಡಲು ಹೇಳಿದರು. ಅದರ ಕ್ರಮಸಂಖ್ಯೆಯನ್ನೂ ಹಾಜರಿ ಹಾಳೆಯಲ್ಲಿ ಅವನ ಸಾಲಿನಲ್ಲಿ ಬರೆದು, ಕೊಟ್ಟ ಸಮಯ ಸೇರಿಸಿ ಸಹಿ ಹಾಕಿದೆ.

ಒಂದು ಗಂಟೆಗೆ ಗಂಟೆ ಬಾರಿಸಿದಾಗ ಎಲ್ಲರನ್ನೂ ಕುಳಿತಲ್ಲಿಯೇ ಕೂರಿಸಿ, ನೀವೇ ಬೆಂಚಿನಿಂದ ಬೆಂಚಿಗೆ ಹೋಗಿ ಉತ್ತರ ಪತ್ರಿಕೆ ತೆಗೆದುಕೊಳ್ಳಿ. ಎಣಿಕೆ ಹೊಂದುವವರೆಗೆ ಯಾರೂ ಏಳಬಾರದು. ನನ್ನ ಲೆಕ್ಕ ಹೀಗಿತ್ತು. ಹಾಜರಿದ್ದವರು 30. ಹೊಸದಾಗಿ ಕೊಟ್ಟದ್ದು ಸೇರಿ ಬಳಸಿದ ಪುಸ್ತಿಕೆ 31, ಖಾಲಿ ಉಳಿದದ್ದು 3, ಒಟ್ಟು 34. ಬೆಳಗ್ಗೆ ಸಹಿ ಮಾಡಿ ಪಡೆದದ್ದೂ 34. ಆದರೆ ಸಾಮಾನ್ಯ ಕಟ್ಟಿಗೆ ಹೋಗಬೇಕಾದದ್ದು 29 ಮಾತ್ರ. ಆ ಹುಡುಗನ ಎರಡೂ ಪುಸ್ತಿಕೆಗಳು ಪ್ರತ್ಯೇಕ ಲಕೋಟೆಗೆ ಸೇರಬೇಕು. ಇಲ್ಲಿಯೇ ಗೊಂದಲವಾಗುವುದು. ವಶಪಡಿಸಿಕೊಂಡದ್ದನ್ನು ಲಕೋಟೆಗೆ ಹಾಕಿ, ಎರಡನೆಯದನ್ನು ಅಭ್ಯಾಸಬಲದಿಂದ ಎಲ್ಲರ ಜೊತೆ ಕಟ್ಟಿಬಿಟ್ಟರೆ ಅದು ಮೌಲ್ಯಮಾಪನ ಕೇಂದ್ರಕ್ಕೆ ಹೋಗುತ್ತದೆ. ಆಮೇಲೆ ನೂರಾರು ಕಟ್ಟುಗಳ ನಡುವೆ ಹುಡುಕಬೇಕಾಗುತ್ತದೆ.

29ನ್ನು ವಿಷಯವಾರು ಬೇರೆ ಮಾಡಿ, ನೋಂದಣಿ ಸಂಖ್ಯೆಯ ಕ್ರಮದಲ್ಲಿ ಜೋಡಿಸಿದೆ. ಹೆಚ್ಚುವರಿ ಹಾಳೆಗಳನ್ನು ದಾರದಿಂದ ಬಿಗಿಯಾಗಿ ಕಟ್ಟಿದ್ದಾರೆಯೇ ಎಂದು ನೋಡಿದೆ. ಇತಿಹಾಸದ ಕಟ್ಟಿನ ಮೇಲ್ಚೀಟಿಯಲ್ಲಿ ಗೈರಾದವರ ಸಂಖ್ಯೆಗಳ ಜೊತೆಗೆ ‘ಒಂದು ನೋಂದಣಿ ಸಂಖ್ಯೆಯ ಉತ್ತರ ಪತ್ರಿಕೆ ಅವ್ಯವಹಾರ ಪ್ರಕರಣದ ಲಕೋಟೆಯಲ್ಲಿದೆ’ ಎಂದು ಸಂಖ್ಯೆ ಸಮೇತ ಬರೆದೆ. ಇಲ್ಲದಿದ್ದರೆ ಹಾಜರಿಯ ಸಹಿಗೂ ಕಟ್ಟಿನ ಎಣಿಕೆಗೂ ಒಂದು ವ್ಯತ್ಯಾಸ ಬಂದು, ಪತ್ರಿಕೆ ಕಳೆದಿದೆ ಎಂಬ ಗುಲ್ಲು ಏಳುತ್ತದೆ.

ಪ್ರತ್ಯೇಕ ಲಕೋಟೆಗೆ ಎರಡು ಪುಸ್ತಿಕೆ, ಚೀಟಿ, ಅವನ ಹೇಳಿಕೆ, ನನ್ನ ವರದಿ, ಪ್ರಶ್ನೆಪತ್ರಿಕೆಯ ಒಂದು ಪ್ರತಿ, ಆಸನ ನಕ್ಷೆಯ ಪ್ರತಿ ಹಾಕಿದೆವು. ಚೀಟಿ ಸಣ್ಣದಿದ್ದುದರಿಂದ ಅದನ್ನು ಮೊದಲು ಒಂದು ಚಿಕ್ಕ ಲಕೋಟೆಯಲ್ಲಿಟ್ಟೆ. ಪಿನ್ ಚುಚ್ಚಿದರೆ ಅಕ್ಷರ ಹರಿಯುತ್ತದೆ, ಅಂಟಿಸಿದರೆ ಹಿಂಬದಿ ಓದಲಾಗುವುದಿಲ್ಲ. ಲಕೋಟೆಯ ಬಾಯಿ ಅಂಟಿಸಿ, ಅಂಟಿನ ಮೇಲೆ ಅಡ್ಡಲಾಗಿ ಸಹಿಗಳು, ಅದರ ಮೇಲೆ ಅರಗಿನ ಮುದ್ರೆ. ಮುದ್ರೆ ಒತ್ತುವುದು ಮುಖ್ಯ ಅಧೀಕ್ಷಕರ ಕೆಲಸ, ಆದರೆ ಒತ್ತುವಾಗ ನೀವು ಎದುರಿಗೆ ಇರಿ. ಬಸ್ಸಿನ ಹೊತ್ತಾಯಿತೆಂದು ತೆರೆದ ಲಕೋಟೆಯನ್ನು ಮೇಜಿನ ಮೇಲೆ ಬಿಟ್ಟು ಹೊರಡಬೇಡಿ. ಸಾಮಾನ್ಯ ಕಟ್ಟನ್ನೂ ಎಣಿಸಿ ಕೊಟ್ಟು, ಒಪ್ಪಿಸಿದ ಸಹಿ ಪಡೆದ ಮೇಲೆಯೇ ನಿಮಗೆ ಬಿಡುಗಡೆ.

ಅಂದು ಸಂಜೆಯೇ ನಿಮ್ಮ ಡೈರಿಯಲ್ಲಿ ದಿನಾಂಕ, ಬ್ಲಾಕ್, ಸಮಯ, ಎಲ್ಲಿ ನಿಂತಿದ್ದಿರಿ, ಏನು ಕಂಡಿರಿ, ಯಾರು ಜೊತೆಗಿದ್ದರು ಎಂದು ಬರೆದಿಡಿ. ಅಭ್ಯರ್ಥಿಯ ಹೆಸರು ಬೇಡ, ಆಸನ ಸಂಖ್ಯೆ ಸಾಕು. ಸಮಿತಿ ಕರೆಯುವ ಹೊತ್ತಿಗೆ ಇನ್ನೆಷ್ಟೋ ಬ್ಲಾಕ್‌ಗಳು ಅದರ ಮೇಲೆ ಹಾದು ಹೋಗಿರುತ್ತವೆ. ನನ್ನನ್ನು ಕೇಳಿದ ಮೊದಲ ಪ್ರಶ್ನೆ, ‘ಚೀಟಿ ಸಿಕ್ಕದ್ದು ಆ ಹುಡುಗಿಯ ಕಾಲ ಬಳಿ ಎಂದಿದ್ದೀರಿ, ಹಾಗಾದರೆ ಇವನ ಮೇಲೆ ಏಕೆ ಬರೆದಿರಿ?’ ಎಂಬುದಾಗಿತ್ತು. ಆಸನ ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಚೀಟಿ ಬಿದ್ದ ಜಾಗದಿಂದ ನಿಂತ ಜಾಗದವರೆಗೆ ಬೆರಳಿಟ್ಟು ತೋರಿಸಿದೆ. ಆ ಹುಡುಗಿಯನ್ನು ಅವರು ಕರೆಯಿಸಲೇ ಇಲ್ಲ.